ಎರಡು ಕೊಳವೆಗಳ ಬಣ್ಣ: ಶ್ವಾಸಕೋಶ ಸೋತಾಗ ಎಕ್ಮೋ ನಡೆಸುವ ಬಗೆ

ರಕ್ತವನ್ನು ದೇಹದ ಹೊರಗೆ ತೆಗೆದು ಆಮ್ಲಜನಕ ತುಂಬಿ ಮರಳಿಸುವ ಯಂತ್ರವೇ ಎಕ್ಮೋ. ಅದರ ಮೇಲಿರುವ ರೋಗಿಯ ರಕ್ತದ ಆಮ್ಲಜನಕ ಸ್ಯಾಚುರೇಶನ್ 90ರಿಂದ 80ಕ್ಕೆ ಇಳಿಯಿತೆಂದರೆ, ಐಸಿಯುಗೆ ಹೊಸದಾಗಿ ಬಂದ ವೈದ್ಯರ ಕೈ ನೇರವಾಗಿ ಪಂಪಿನ ವೇಗ ಹೆಚ್ಚಿಸುವ ಗುಂಡಿಗೆ ಹೋಗುತ್ತದೆ. ಕೆಲವೊಮ್ಮೆ ಅದರಿಂದ ಉಪಯೋಗವಾಗುತ್ತದೆ. ಎಷ್ಟೋ ಸಲ ಅದೇ ಕೆಲಸ ರೋಗಿಯನ್ನು ಇನ್ನಷ್ಟು ಕೆಡಿಸುತ್ತದೆ. ಗುಂಡಿ ಮುಟ್ಟುವ ಮೊದಲು ಹಾಸಿಗೆಯ ಪಕ್ಕ ನಿಂತು, ರೋಗಿಯಿಂದ ಹೊರಬರುವ ಕೊಳವೆ ಮತ್ತು ರೋಗಿಗೆ ಮರಳುವ ಕೊಳವೆ, ಇವೆರಡರಲ್ಲಿ ಹರಿಯುವ ರಕ್ತದ ಬಣ್ಣ ನೋಡಬೇಕು. ಎರಡೂ ಕಪ್ಪಾಗಿದ್ದರೆ ಒಂದು ಕಾರಣ, ಎರಡೂ ಕೆಂಪಾಗಿದ್ದರೆ ಇನ್ನೊಂದು ಕಾರಣ, ಒಂದು ಕಪ್ಪು ಒಂದು ಕೆಂಪು ಇದ್ದರೆ ಮತ್ತೊಂದು. ಈ ಲೇಖನ ಆ ಮೂರು ನೋಟಗಳನ್ನು ಕಲಿಸುವುದಕ್ಕಾಗಿ ಬರೆದದ್ದು. ಅಲ್ಲಿಗೆ ತಲುಪಲು ಯಂತ್ರ ಹೇಗೆ ಕೆಲಸ ಮಾಡುತ್ತದೆ, ಯಾರಿಗೆ ಹಾಕಬೇಕು, ಮೊದಲ ದಿನ ಹೇಗೆ ನಡೆಸಬೇಕು ಎಂಬುದನ್ನೂ ಹೇಳಬೇಕಾಗುತ್ತದೆ.

ಇಲ್ಲಿ ಹೇಳುವುದೆಲ್ಲ ವೀನೋ-ವೀನಸ್ ಎಕ್ಮೋ ಬಗ್ಗೆ. ಅಂದರೆ ಅಭಿಧಮನಿಯಿಂದ ರಕ್ತ ತೆಗೆದು ಅಭಿಧಮನಿಗೇ ಮರಳಿಸುವ ವಿಧಾನ. ಹೃದಯ ಗಟ್ಟಿಯಾಗಿದ್ದು ಶ್ವಾಸಕೋಶ ಮಾತ್ರ ಸೋತಿರುವ ರೋಗಿಗೆ ಇದು. ಹೃದಯವೂ ಸೋತಿದ್ದರೆ ಬೇಕಾಗುವುದು ಬೇರೆ ವಿಧಾನ. ಅದರ ನಿಯಮಗಳೂ ಅಪಾಯಗಳೂ ಬೇರೆ, ಅದನ್ನು ಇದರೊಂದಿಗೆ ಬೆರೆಸಿಕೊಳ್ಳಬೇಡಿ.

ಮಲೆನಾಡಿನ ಒಬ್ಬ ರೋಗಿ

ಪಾಠಕ್ಕಾಗಿ ಒಬ್ಬ ರೋಗಿಯನ್ನು ಕಲ್ಪಿಸಿಕೊಳ್ಳೋಣ. ಹೊಸನಗರ ಕಡೆಯ 45 ವರ್ಷದ ಅಡಿಕೆ ಬೆಳೆಗಾರರು, ತೂಕ 60 ಕಿಲೊ. ಜುಲೈ ತಿಂಗಳ ಮಳೆಯಲ್ಲಿ ಗದ್ದೆ ನಾಟಿ ಮುಗಿಸಿ ಒಂದು ವಾರಕ್ಕೆ ಜ್ವರ, ಮೀನಖಂಡದಲ್ಲಿ ತಡೆಯಲಾರದ ನೋವು, ಕಣ್ಣು ಕೆಂಪು. ಐದನೆಯ ದಿನ ಕಣ್ಣು ಹಳದಿಗೆ ತಿರುಗಿತು, ಮೂತ್ರ ಕಡಿಮೆಯಾಯಿತು, ಕೆಮ್ಮಿದರೆ ರಕ್ತ ಬಂತು. ಇಲಿಜ್ವರ, ಅಂದರೆ ಲೆಪ್ಟೊಸ್ಪೈರೋಸಿಸ್, ಶ್ವಾಸಕೋಶದೊಳಗೆ ರಕ್ತಸ್ರಾವ ಮಾಡಿದೆ. ಶಿವಮೊಗ್ಗಕ್ಕೆ ತಂದು ಟ್ಯೂಬ್ ಹಾಕಿ ವೆಂಟಿಲೇಟರ್ ಮೇಲೆ ಇಡಲಾಗಿದೆ, ಸೆಫ್ಟ್ರಿಯಾಕ್ಸೋನ್ ಆರಂಭವಾಗಿದೆ. ತೂಕಕ್ಕೆ ತಕ್ಕ ಸಣ್ಣ ಉಸಿರು, ಪೀಪ್ 14, ಸ್ನಾಯು ಸಡಿಲಿಸುವ ಔಷಧ, 16 ಗಂಟೆ ಬೋರಲು ಮಲಗಿಸುವುದು, ಎಲ್ಲವೂ ಆಗಿದೆ. ಆದರೂ ನೂರಕ್ಕೆ ನೂರು ಆಮ್ಲಜನಕದಲ್ಲಿ PaO2 62, PaCO2 72, ಪಿಎಚ್ 7.19, ಪ್ಲಾಟೊ ಒತ್ತಡ 33. ಪ್ಲೇಟ್‌ಲೆಟ್ 42,000. ಎಕೋದಲ್ಲಿ ಹೃದಯ ಚೆನ್ನಾಗಿ ಬಡಿಯುತ್ತಿದೆ.

ಈ ರೋಗಿಗೆ ಎಕ್ಮೋ ಬೇಕೇ? 2018ರಲ್ಲಿ ಪ್ರಕಟವಾದ ಇಯೋಲಿಯಾ ಅಧ್ಯಯನ ಬಳಸಿದ ಅಳತೆಗಳನ್ನೇ ಇಂದು ಹೆಚ್ಚಿನವರು ಅನುಸರಿಸುತ್ತಾರೆ. ವೆಂಟಿಲೇಟರನ್ನು ಸರಿಯಾಗಿ ಹೊಂದಿಸಿದ ಮೇಲೂ PaO2/FiO2 ಅನುಪಾತ 50ಕ್ಕಿಂತ ಕಡಿಮೆಯಾಗಿ 3 ಗಂಟೆ ಮೀರಿದರೆ, ಅಥವಾ 80ಕ್ಕಿಂತ ಕಡಿಮೆಯಾಗಿ 6 ಗಂಟೆ ಮೀರಿದರೆ, ಅಥವಾ ಪಿಎಚ್ 7.25ಕ್ಕಿಂತ ಕೆಳಗೂ PaCO2 60ಕ್ಕೆ ಸಮನಾಗಿ ಇಲ್ಲವೇ ಮೇಲೂ 6 ಗಂಟೆ ನಿಂತರೆ ಎಕ್ಮೋ ಯೋಚಿಸಬೇಕು. ನಮ್ಮ ರೋಗಿಯ ಅನುಪಾತ 62. ಆ ಅಧ್ಯಯನದ 249 ರೋಗಿಗಳಲ್ಲಿ 60 ದಿನಗಳ ಮರಣ ಎಕ್ಮೋ ಗುಂಪಿನಲ್ಲಿ ಶೇ. 35, ವೆಂಟಿಲೇಟರ್ ಚಿಕಿತ್ಸೆಯನ್ನೇ ಮುಂದುವರಿಸಿದ ಗುಂಪಿನಲ್ಲಿ ಶೇ. 46 ಇತ್ತು. ಸಂಖ್ಯಾಶಾಸ್ತ್ರದ ಗೆರೆಯನ್ನು ಈ ವ್ಯತ್ಯಾಸ ದಾಟಲಿಲ್ಲ. ಆದರೆ ಎರಡನೆಯ ಗುಂಪಿನ ಶೇ. 28 ಮಂದಿಯನ್ನು ಸ್ಥಿತಿ ಬಿಗಡಾಯಿಸಿದಾಗ ಕೊನೆಗೆ ಎಕ್ಮೋಗೇ ಹಾಕಬೇಕಾಯಿತು ಎಂಬುದನ್ನೂ ಜೊತೆಗೇ ಓದಿಕೊಳ್ಳಬೇಕು.

ಅಂಕಿಗಳಿಗಿಂತ ದೊಡ್ಡ ಪ್ರಶ್ನೆ ಬೇರೊಂದಿದೆ: ಈ ಶ್ವಾಸಕೋಶ ಮತ್ತೆ ಸರಿಹೋಗುವಂಥದ್ದೇ? ಎಕ್ಮೋ ಯಾವ ರೋಗವನ್ನೂ ಗುಣಪಡಿಸುವುದಿಲ್ಲ, ಸಮಯ ಕೊಡುತ್ತದೆ ಅಷ್ಟೆ. ಇಲಿಜ್ವರದ ರಕ್ತಸ್ರಾವ ಭಯಂಕರವಾಗಿ ಬಂದರೂ, ಬದುಕುಳಿದವರಲ್ಲಿ ಕೆಲವೇ ದಿನಗಳಲ್ಲಿ ಶ್ವಾಸಕೋಶ ತಿಳಿಯಾಗುತ್ತದೆ. ಎಚ್1ಎನ್1 ಆದರೂ ಅಷ್ಟೆ, ಚಿಗ್ಗರ್ ಎಂಬ ನುಸಿಯ ಮರಿ ಕಚ್ಚಿ ಬರುವ ಸ್ಕ್ರಬ್ ಟೈಫಸ್ ಆದರೂ ಅಷ್ಟೆ, ಕಾದರೆ ಫಲವಿದೆ. ಅದೇ ಕಳೆನಾಶಕ ಪ್ಯಾರಾಕ್ವಾಟ್ ಕುಡಿದು ಬಂದವರ ಕಥೆ ಬೇರೆ. ಅಲ್ಲಿ ಶ್ವಾಸಕೋಶ ಗಟ್ಟಿಕಟ್ಟುತ್ತಾ ಹೋಗುತ್ತದೆ. ಕಸಿಯ ದಾರಿ ಇಲ್ಲದಿದ್ದರೆ ಎಕ್ಮೋ ಆ ಕುಟುಂಬವನ್ನು ಸಾಲಕ್ಕೆ ತಳ್ಳುತ್ತದೆಯೇ ಹೊರತು ರೋಗಿಯನ್ನು ಉಳಿಸುವುದಿಲ್ಲ. ಈ ಮಾತನ್ನು ಕೊಳವೆ ಹಾಕುವ ಮೊದಲೇ ಮನೆಯವರ ಎದುರು ಕುಳಿತು ಹೇಳುವ ಧೈರ್ಯ ಬೇಕು. ವಾರಕ್ಕಿಂತ ಹೆಚ್ಚು ಕಾಲ ಹೆಚ್ಚಿನ ಒತ್ತಡದ ವೆಂಟಿಲೇಟರ್ ಮೇಲಿದ್ದು ಬಂದವರಲ್ಲೂ ಫಲ ಕಡಿಮೆ.

ಕಳಿಸುವುದಾದರೆ ಬೇಗ ಕಳಿಸಿ

ನೀವು ಎಕ್ಮೋ ಇಲ್ಲದ ಆಸ್ಪತ್ರೆಯಲ್ಲಿದ್ದರೆ, ಬೋರಲು ಮಲಗಿಸಿಯೂ ಅನುಪಾತ 100ಕ್ಕಿಂತ ಮೇಲೇಳದ ಹೊತ್ತಿಗೇ ಎಕ್ಮೋ ಕೇಂದ್ರಕ್ಕೆ ಫೋನ್ ಮಾಡಿ. 60ಕ್ಕೆ ಇಳಿಯುವವರೆಗೆ ಕಾದರೆ ರೋಗಿ ಆಂಬುಲೆನ್ಸ್ ಹತ್ತುವ ಸ್ಥಿತಿಯಲ್ಲಿ ಇರುವುದಿಲ್ಲ. ಶಿವಮೊಗ್ಗದಿಂದ ಬೆಂಗಳೂರಿಗೆ ಸುಮಾರು 300 ಕಿ.ಮೀ. ಕರಾವಳಿಯ ಕಡೆಗೆ ಹತ್ತಿರವಾದರೂ ಘಾಟಿ ಇಳಿಯಬೇಕು, ಮಳೆಗಾಲದಲ್ಲಿ ಗುಡ್ಡ ಕುಸಿದು ಆ ರಸ್ತೆ ಮುಚ್ಚುವುದುಂಟು. ಹೊರಡುವ ಮುನ್ನ ರಸ್ತೆಯ ಸ್ಥಿತಿ ವಿಚಾರಿಸಿ.

ಆಮ್ಲಜನಕದ ಲೆಕ್ಕವನ್ನು ಚಾಲಕರಿಗೆ ಬಿಡದೆ ನೀವೇ ಮಾಡಿ. ನೂರಕ್ಕೆ ನೂರು ಆಮ್ಲಜನಕದಲ್ಲಿ ವೆಂಟಿಲೇಟರ್ ನಿಮಿಷಕ್ಕೆ ಸುಮಾರು 12 ಲೀಟರ್ ಎಳೆದರೆ 6 ಗಂಟೆಗೆ 4,320 ಲೀಟರ್ ಆಯಿತು. ದಾರಿಯಲ್ಲಿ ತಡವಾಗುವುದಕ್ಕೆಂದು ಅರ್ಧದಷ್ಟು ಸೇರಿಸಿದರೆ ಸುಮಾರು 6,500. ಬಿ ಟೈಪ್ ಸಿಲಿಂಡರ್ ಒಂದರಲ್ಲಿ ತುಂಬಿದಾಗ ಸುಮಾರು 1,500 ಲೀಟರ್ ಇರುತ್ತದೆ. ಅಂದರೆ ಐದು ಸಿಲಿಂಡರ್ ಬೇಕು. ಆಂಬುಲೆನ್ಸಿನಲ್ಲಿ ಎರಡು ಕಂಡು ಸಮಾಧಾನಪಟ್ಟುಕೊಂಡರೆ ಸುಮಾರು ನಾಲ್ಕು ಗಂಟೆಗೆ ದಾರಿಯಲ್ಲೇ ಮುಗಿದುಹೋಗುತ್ತದೆ.

ಯಂತ್ರದೊಳಗೆ ಏನಾಗುತ್ತದೆ

ತೊಡೆಸಂದಿಯ ದೊಡ್ಡ ಅಭಿಧಮನಿಯ ಮೂಲಕ ಹಾಕಿದ ಕ್ಯಾನ್ಯುಲಾದಿಂದ ಕಪ್ಪು ರಕ್ತ ಹೊರಬರುತ್ತದೆ. ಸೆಂಟ್ರಿಫ್ಯೂಗಲ್ ಪಂಪ್ ಅದನ್ನು ಎಳೆದು ಆಕ್ಸಿಜನೇಟರ್‌ಗೆ ನೂಕುತ್ತದೆ. ಆಕ್ಸಿಜನೇಟರ್ ಒಳಗೆ ಪಾಲಿಮಿಥೈಲ್‌ಪೆಂಟೀನ್ ಎಂಬ ವಸ್ತುವಿನ ಕೂದಲೆಳೆಯಂಥ ಟೊಳ್ಳು ನಾಳಗಳ ಚಾಪೆಗಳಿವೆ. ನಾಳಗಳ ಒಳಗೆ ಅನಿಲ, ಹೊರಗೆ ರಕ್ತ. ನಡುವಿನ ಗೋಡೆಯ ಮೂಲಕ ಆಮ್ಲಜನಕ ರಕ್ತಕ್ಕೆ ಇಳಿಯುತ್ತದೆ, ಇಂಗಾಲದ ಡೈಆಕ್ಸೈಡ್ ಅನಿಲಕ್ಕೆ ಬಿಡುತ್ತದೆ. ವಯಸ್ಕರ ಆಕ್ಸಿಜನೇಟರ್‌ನಲ್ಲಿ ಈ ಮೇಲ್ಮೈ ಸುಮಾರು ಎರಡು ಚದರ ಮೀಟರ್ ಮಾತ್ರ. ನಮ್ಮ ಶ್ವಾಸಕೋಶದ್ದಾದರೆ ಹತ್ತಾರು ಚದರ ಮೀಟರ್. ಹೀಗೆ ಕೆಂಪಾದ ರಕ್ತ ಬೆಚ್ಚಗಾಗಿ ಕುತ್ತಿಗೆಯ ಅಭಿಧಮನಿಯ ಮೂಲಕ ಬಲ ಹೃತ್ಕರ್ಣಕ್ಕೆ ಮರಳುತ್ತದೆ. ಅಲ್ಲಿಂದ ಮುಂದಕ್ಕೆ ಅದನ್ನು ದೇಹಕ್ಕೆಲ್ಲ ಕಳಿಸುವುದು ರೋಗಿಯ ಸ್ವಂತ ಹೃದಯವೇ.

ಈಗ ಮುಖ್ಯವಾದ ಮಾತು. ಆಮ್ಲಜನಕ ಬೇಕೆಂದರೆ ರಕ್ತದ ಹರಿವು ಹೆಚ್ಚಿಸಬೇಕು. ಇಂಗಾಲದ ಡೈಆಕ್ಸೈಡ್ ಹೋಗಬೇಕೆಂದರೆ ನಾಳಗಳೊಳಗೆ ಹರಿಯುವ ಅನಿಲವನ್ನು, ಅಂದರೆ ಸ್ವೀಪ್ ಅನ್ನು ಹೆಚ್ಚಿಸಬೇಕು. ಇದನ್ನು ಬಾಯಿಪಾಠ ಮಾಡಿದವರು ಬಹಳ ಮಂದಿ, ಕಾರಣ ಕೇಳಿದರೆ ತಡವರಿಸುತ್ತಾರೆ. ಕಾರಣ ಸರಳ. ನಮ್ಮ ರೋಗಿಯ ಹಿಮೋಗ್ಲೋಬಿನ್ 9. ಒಂದು ಗ್ರಾಂ ಹಿಮೋಗ್ಲೋಬಿನ್ 1.34 ಮಿ.ಲೀ. ಆಮ್ಲಜನಕ ಹಿಡಿಯುತ್ತದೆ, ಹಾಗಾಗಿ ಒಂದು ಲೀಟರ್ ರಕ್ತ ಹಿಡಿಯಬಲ್ಲದ್ದು ಸುಮಾರು 120 ಮಿ.ಲೀ. ಹೊರಬರುವ ರಕ್ತ ಆಗಲೇ ಶೇ. 65 ತುಂಬಿರುತ್ತದೆ, ಉಳಿದ ಜಾಗ 42 ಮಿ.ಲೀ. ಹೆಚ್ಚಿನ ಒತ್ತಡದಲ್ಲಿ ರಕ್ತದಲ್ಲೇ ಕರಗುವುದು ಇನ್ನೊಂದು 11. ಒಟ್ಟು ಲೀಟರಿಗೆ 53 ಮಿ.ಲೀ. ಮಾತ್ರ. ಹಿಮೋಗ್ಲೋಬಿನ್ ತುಂಬಿದ ಮೇಲೆ ಅನಿಲವನ್ನು ಎಷ್ಟು ಜೋರಾಗಿ ಬಿಟ್ಟರೂ ಹೆಚ್ಚು ಹಿಡಿಸುವುದಿಲ್ಲ, ಇನ್ನಷ್ಟು ರಕ್ತವನ್ನೇ ಯಂತ್ರದ ಮೂಲಕ ಹಾಯಿಸಬೇಕು. ಇಂಗಾಲದ ಡೈಆಕ್ಸೈಡ್ ಹಾಗಲ್ಲ. ಬೈಕಾರ್ಬೊನೇಟ್ ರೂಪದಲ್ಲಿ ಒಂದು ಲೀಟರ್ ಅಭಿಧಮನಿ ರಕ್ತದಲ್ಲಿ ಸುಮಾರು 500 ಮಿ.ಲೀ. ಅಡಗಿರುತ್ತದೆ, ದೇಹ ನಿಮಿಷಕ್ಕೆ ಉತ್ಪಾದಿಸುವುದು ಸುಮಾರು 200. ಆದ್ದರಿಂದ ಕಡಿಮೆ ರಕ್ತದಿಂದಲೇ ಬೇಕಾದಷ್ಟು ಹೊರತೆಗೆಯಬಹುದು, ಅದನ್ನು ಒಯ್ಯಲು ಹೊಸ ಅನಿಲ ಹರಿಯುತ್ತಿದ್ದರೆ ಸಾಕು.

ಮೊದಲ ದಿನ

ತೊಡೆಸಂದಿಗೆ 25 ಫ್ರೆಂಚ್, ಬಲ ಕುತ್ತಿಗೆಗೆ 21 ಫ್ರೆಂಚ್ ಕ್ಯಾನ್ಯುಲಾ ನಮ್ಮ ರೋಗಿಗೆ ಹೊಂದುತ್ತದೆ. ಚುಚ್ಚುವುದು ಅಲ್ಟ್ರಾಸೌಂಡ್ ನೋಡಿಕೊಂಡೇ. ತಂತಿ ಎಲ್ಲಿದೆ ಎಂದು ಎಕೋದಲ್ಲಿ ಕಣ್ಣಾರೆ ಕಂಡ ಮೇಲೆಯೇ ಡೈಲೇಟರ್ ನೂಕಬೇಕು. ಕೆಳಗಿನ ಕ್ಯಾನ್ಯುಲಾದ ತುದಿ ಯಕೃತ್ತಿನ ಮಟ್ಟದ ಮಹಾಸಿರೆಯಲ್ಲಿ, ಮೇಲಿನದರ ತುದಿ ಮೇಲಿನ ಮಹಾಸಿರೆ ಹೃತ್ಕರ್ಣ ಸೇರುವಲ್ಲಿ ಇರಲಿ. ಎರಡು ತುದಿಗಳ ನಡುವೆ ಕನಿಷ್ಠ 10 ಸೆಂ.ಮೀ. ಅಂತರ ಉಳಿಯಬೇಕು. ಈ ಅಂತರದ ಮಹತ್ವ ಮುಂದೆ ತಿಳಿಯುತ್ತದೆ. ಕ್ಯಾನ್ಯುಲಾ ಚರ್ಮ ಹೊಕ್ಕುವಲ್ಲಿ ಎಷ್ಟು ಸೆಂ.ಮೀ. ಗುರುತು ಕಾಣುತ್ತಿದೆ ಎಂದು ಬರೆದಿಡಿ.

ಹೆಪಾರಿನ್ ವಿಷಯದಲ್ಲಿ ಈ ರೋಗಿ ಸಾಮಾನ್ಯ ರೋಗಿಯಲ್ಲ. ರೂಢಿಯಂತೆ ಕ್ಯಾನ್ಯುಲಾ ಹಾಕುವಾಗ ಕಿಲೊಗೆ 50ರಿಂದ 100 ಯೂನಿಟ್ ಕೊಟ್ಟು, ಆಮೇಲೆ ಎಪಿಟಿಟಿಯನ್ನು ಸಹಜದ ಒಂದೂವರೆ ಪಟ್ಟಿನ ಆಸುಪಾಸಿನಲ್ಲಿ ಇಡುತ್ತೇವೆ. ಶ್ವಾಸಕೋಶದಿಂದ ರಕ್ತ ಬರುತ್ತಿರುವ, ಪ್ಲೇಟ್‌ಲೆಟ್ 42,000 ಇರುವ ವ್ಯಕ್ತಿಗೆ ಅದು ಅಪಾಯ. ಪ್ಲೇಟ್‌ಲೆಟ್ ಕೊಟ್ಟು 50,000 ದಾಟಿಸಿ, ಒಳಮೈಗೆ ಲೇಪವಿರುವ ಸರ್ಕಿಟ್ ಬಳಸಿ, ಹರಿವು 4 ಲೀಟರಿಗಿಂತ ಮೇಲಿಟ್ಟು, ಮೊದಲ ಒಂದೆರಡು ದಿನ ಹೆಪಾರಿನ್ ಇಲ್ಲದೆಯೇ ನಡೆಸುವುದು ನನ್ನ ಆಯ್ಕೆ. ಹರಿವು ಜೋರಾಗಿದ್ದಷ್ಟು ರಕ್ತ ಹೆಪ್ಪುಗಟ್ಟುವುದು ಕಡಿಮೆ. 1957ರಲ್ಲಿ ನಮ್ಮ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಯಲ್ಲೂ ರಕ್ತಸ್ರಾವದ ಭಯ ಇರುವುದರಿಂದ ಅಂಥ ರೋಗಿಗೂ ಇದೇ ಎಚ್ಚರ ಸಲ್ಲುತ್ತದೆ.

ಪಂಪ್ ಸುತ್ತಲು ಆರಂಭಿಸಿ, ಹರಿವನ್ನು ನಿಧಾನವಾಗಿ ಏರಿಸಿ ನಿಮಿಷಕ್ಕೆ 4.5 ಲೀಟರ್‌ಗೆ ತನ್ನಿ. ಕಿಲೊಗೆ 60ರಿಂದ 80 ಮಿ.ಲೀ. ಎಂಬುದು ಸಾಮಾನ್ಯ ಗುರಿ. ಸ್ವೀಪ್ ಅನ್ನು ಮಾತ್ರ 2 ಲೀಟರ್‌ನಿಂದಲೇ ಶುರುಮಾಡಿ. ದಿನಗಟ್ಟಲೆ 72 ಇದ್ದ PaCO2 ಒಂದೇ ಗಂಟೆಯಲ್ಲಿ 35ಕ್ಕೆ ಬಿದ್ದರೆ ಮಿದುಳಿನ ರಕ್ತನಾಳಗಳು ಥಟ್ಟನೆ ಸಂಕುಚಿಸುತ್ತವೆ. ಹೀಗೆ ವೇಗವಾಗಿ ಇಳಿದ ರೋಗಿಗಳಲ್ಲಿ ಮಿದುಳಿನ ರಕ್ತಸ್ರಾವ ಹೆಚ್ಚು ಕಂಡಿದೆ. ಮೊದಲ 24 ಗಂಟೆಯಲ್ಲಿ ಅರ್ಧಕ್ಕಿಂತ ಹೆಚ್ಚು ಇಳಿಯದಂತೆ, ಆರಂಭದಲ್ಲಿ ಗಂಟೆಗೊಮ್ಮೆ ಬ್ಲಡ್ ಗ್ಯಾಸ್ ನೋಡುತ್ತಾ ಸ್ವೀಪ್ ಏರಿಸಿ.

ಯಂತ್ರ ಭಾರ ಹೊತ್ತ ಮೇಲೆ ವೆಂಟಿಲೇಟರ್ ಇಳಿಸಬೇಕು. ಪ್ಲಾಟೊ 25ಕ್ಕಿಂತ ಕಡಿಮೆ, ಪೀಪ್ 10ರ ಆಸುಪಾಸು, ನಿಮಿಷಕ್ಕೆ 10 ಉಸಿರು, FiO2 0.4. ಉಸಿರಿನ ಗಾತ್ರ 100 ಮಿ.ಲೀ.ಗೆ ಕುಸಿದರೂ ಗಾಬರಿಯಾಗಬೇಡಿ. ಗಾಯಗೊಂಡ ಶ್ವಾಸಕೋಶಕ್ಕೆ ಬಿಡುವು ಕೊಡುವುದಕ್ಕೆಂದೇ ಇಷ್ಟೆಲ್ಲ ಮಾಡಿದ್ದು. ಒಳ್ಳೆಯ ಅಂಕಿಗಳ ಆಸೆಗೆ ವೆಂಟಿಲೇಟರನ್ನು ಹಳೆಯ ಒತ್ತಡದಲ್ಲೇ ಬಿಟ್ಟರೆ ಆ ಬಿಡುವೇ ಸಿಗುವುದಿಲ್ಲ.

ಸ್ಯಾಚುರೇಶನ್ 90 ಏಕೆ, 99 ಏಕಲ್ಲ

ಮನೆಯವರು ಕೇಳುವ ಪ್ರಶ್ನೆ ಇದು, ನರ್ಸ್‌ಗಳೂ ಕೇಳುತ್ತಾರೆ. ನಮ್ಮ ರೋಗಿಯ ಹೃದಯ ಜ್ವರದ ಕಾರಣ ನಿಮಿಷಕ್ಕೆ 7.5 ಲೀಟರ್ ರಕ್ತ ನೂಕುತ್ತಿದೆ. ಯಂತ್ರದ ಮೂಲಕ ಹಾದು ಬರುವುದು 4.5 ಲೀಟರ್. ಉಳಿದ 3 ಲೀಟರ್ ಯಂತ್ರವನ್ನು ಮುಟ್ಟದೆ ಕಪ್ಪಾಗಿಯೇ ಹೃದಯ ಸೇರುತ್ತದೆ, ಕೆಲಸ ಮಾಡದ ಶ್ವಾಸಕೋಶವನ್ನು ಹಾದು ಕಪ್ಪಾಗಿಯೇ ಹೊರಬರುತ್ತದೆ. ಶೇ. 60 ಪಾಲು 100ರ ರಕ್ತ, ಶೇ. 40 ಪಾಲು 65ರ ರಕ್ತ ಬೆರೆತರೆ 86. ಯಂತ್ರದಿಂದ ಬಂದ ರಕ್ತದಲ್ಲಿ ಕರಗಿರುವ ಹೆಚ್ಚುವರಿ ಆಮ್ಲಜನಕ ಅದಕ್ಕೆ ಮೂರು ನಾಲ್ಕು ಅಂಕ ಸೇರಿಸಿ 90ರ ಹತ್ತಿರಕ್ಕೆ ತರುತ್ತದೆ.

ಇಷ್ಟು ಸಾಕೇ? ನಿಮಿಷಕ್ಕೆ 7.5 ಲೀಟರ್, ಲೀಟರಿಗೆ 120ರ ಶೇ. 90, ಅಂದರೆ ಸುಮಾರು 800 ಮಿ.ಲೀ. ಆಮ್ಲಜನಕ ಅಂಗಗಳಿಗೆ ತಲುಪುತ್ತಿದೆ. ದೇಹ ಬಳಸುವುದು ಸುಮಾರು 240. ಬಳಕೆಯ ಮೂರು ಪಟ್ಟಿಗಿಂತ ಹೆಚ್ಚು ಪೂರೈಕೆ ಇದೆ, ಲ್ಯಾಕ್ಟೇಟ್ ಇಳಿಯುತ್ತಿದೆ. ಹಾಗಾಗಿ 90 ಸಾಕು, 85 ಇದ್ದರೂ ಸಹಿಸಬಹುದು. 99 ಬೇಕೆಂದು ಪಂಪನ್ನು ಓಡಿಸಿದರೆ ಕೆಂಪು ರಕ್ತಕಣಗಳು ಒಡೆಯುತ್ತವೆ.

ಈ ಬೆರಕೆಯ ಲೆಕ್ಕ ಮನಸ್ಸಿನಲ್ಲಿದ್ದರೆ ಬಣ್ಣ ಓದುವುದು ಸುಲಭ.

ಒಂದು ಕಪ್ಪು, ಒಂದು ಕೆಂಪು: ಯಂತ್ರ ಸರಿಯಿದೆ

ಮೂರನೆಯ ದಿನ ಸಂಜೆ ಸ್ಯಾಚುರೇಶನ್ 81. ಹೊರಬರುವ ಕೊಳವೆ ಮೊದಲಿಗಿಂತ ಕಪ್ಪು, ಮರಳುವ ಕೊಳವೆ ಕೆಂಪಗೆ ಬೆಳಗುತ್ತಿದೆ. ಅಂದರೆ ಆಕ್ಸಿಜನೇಟರ್ ತನ್ನ ಕೆಲಸ ಮಾಡುತ್ತಿದೆ. ಮುಂದೆ ನೋಡಬೇಕಾದದ್ದು ಹರಿವು. ಅದು 4.5 ಲೀಟರ್‌ನಲ್ಲೇ ಇದ್ದರೆ ಬದಲಾದದ್ದು ರೋಗಿಯಲ್ಲಿ. ಮುಟ್ಟಿ ನೋಡಿ, ಮೈ ಸುಡುತ್ತಿದೆ, 39.2 ಡಿಗ್ರಿ. ಆಕ್ಸಿಜನೇಟರ್‌ಗೆ ಮುಂಚಿನ ಸ್ಯಾಚುರೇಶನ್ 65ರಿಂದ 54ಕ್ಕೆ ಇಳಿದಿದೆ. ದೇಹ ಹೆಚ್ಚು ಆಮ್ಲಜನಕ ತಿನ್ನುತ್ತಿದೆ, ಹೃದಯವೂ ವೇಗವಾಗಿ ನೂಕುತ್ತಿದೆ, ಯಂತ್ರದ ಪಾಲು ಕಡಿಮೆಯಾಗಿದೆ. ಚಿಕಿತ್ಸೆ ಪಂಪಿನಲ್ಲಿಲ್ಲ. ಹೀಟರ್‌ನ ಉಷ್ಣತೆಯನ್ನು 36.5ಕ್ಕೆ ಇಳಿಸಿ, ನಿದ್ರಾಜನಕ ಸರಿಪಡಿಸಿ, ನಡುಕ ಇದ್ದರೆ ಸ್ನಾಯು ಸಡಿಲಿಸಿ, ಹೊಸ ಸೋಂಕಿಗಾಗಿ ರಕ್ತ ಕಲ್ಚರ್ ಕಳಿಸಿ. ಹಿಮೋಗ್ಲೋಬಿನ್ 7ಕ್ಕೆ ಇಳಿದಿದ್ದರೆ ರಕ್ತ ಕೊಡುವುದೂ ಪೂರೈಕೆ ಹೆಚ್ಚಿಸುವ ನೇರ ದಾರಿ.

ಇದೇ ಬಣ್ಣದ ಜೊತೆ ಹರಿವೇ ಇಳಿದಿದ್ದರೆ ಕಥೆ ಬೇರೆ. ಹೊರಬರುವ ಕೊಳವೆ ಆಗ ಅದುರುತ್ತದೆ, ಕೆರೆಯ ನೀರು ಇಳಿದಾಗ ತೋಟದ ಪಂಪ್‌ಸೆಟ್ಟಿನ ಪೈಪು ಅದುರುವ ಹಾಗೆ. ಸಿರೆಯ ಗೋಡೆ ಕ್ಯಾನ್ಯುಲಾದ ತೂತುಗಳಿಗೆ ಅಂಟಿಕೊಳ್ಳುತ್ತಿದೆ, ಎಳೆಯುವ ಕಡೆಯ ಒತ್ತಡ ಮೈನಸ್ 100ಕ್ಕಿಂತ ಕೆಳಗಿಳಿದಿದೆ. ವೇಗ ಹೆಚ್ಚಿಸಿದರೆ ಅಂಟುವುದೂ ಹೆಚ್ಚು, ಹರಿವು ಮತ್ತಷ್ಟು ಕಡಿಮೆ. ಮೊದಲು ವೇಗ ಇಳಿಸಿ, ಅದುರುವುದು ನಿಂತೀತು. ಆಮೇಲೆ ಕಾರಣ ಹುಡುಕಿ: ಕೊಳವೆ ಮಡಚಿದೆಯೇ, ರೋಗಿ ಕೆಮ್ಮುತ್ತಿದ್ದಾರೆಯೇ, ರಕ್ತಸ್ರಾವ ಆಗಿದೆಯೇ, ಹೊಟ್ಟೆ ಬಿಗಿದಿದೆಯೇ, ಎದೆಯಲ್ಲಿ ಗಾಳಿ ಸೇರಿ ನ್ಯೂಮೊಥೊರಾಕ್ಸ್ ಆಗಿದೆಯೇ. ಒಂದಿಷ್ಟು ದ್ರವ ಕೊಟ್ಟರೆ ಸರಿಹೋಗುವುದುಂಟು. ಆದರೆ ಪ್ರತಿ ಸಲ ಅದುರಿದಾಗಲೂ ಕಾರಣ ಹುಡುಕದೆ ಬಾಟಲಿ ನೇತುಹಾಕುತ್ತಾ ಹೋದರೆ, ವಾರದ ಕೊನೆಗೆ ನೀರು ತುಂಬಿಕೊಂಡ ಶ್ವಾಸಕೋಶ ನಿಮ್ಮ ಕೈಯಲ್ಲಿರುತ್ತದೆ.

ಎರಡೂ ಕೆಂಪು: ಅದೇ ರಕ್ತ ಸುತ್ತುತ್ತಿದೆ

ಐದನೆಯ ದಿನ ಮಗ್ಗುಲು ತಿರುಗಿಸಿ ಮೈ ಒರೆಸಿದ ಮೇಲೆ ಸ್ಯಾಚುರೇಶನ್ 78ಕ್ಕೆ ಬಂತು. ಹರಿವು 4.5, ಅದುರಿಲ್ಲ, ಯಂತ್ರದಲ್ಲಿ ಅಲಾರಂ ಇಲ್ಲ. ಆದರೆ ಹೊರಬರುವ ಕೊಳವೆಯೂ ಕೆಂಪಾಗಿದೆ. ಆಕ್ಸಿಜನೇಟರ್‌ಗೆ ಮುಂಚಿನ ಸ್ಯಾಚುರೇಶನ್ 65 ಇದ್ದದ್ದು ಈಗ 82. ರೋಗಿಯ ಧಮನಿಯ ರಕ್ತಕ್ಕಿಂತ ಯಂತ್ರಕ್ಕೆ ಹೋಗುವ ರಕ್ತವೇ ಹೆಚ್ಚು ಕೆಂಪು ಎಂದರೆ ಅನುಮಾನವೇ ಬೇಡ. ಮೇಲಿನ ಕ್ಯಾನ್ಯುಲಾದಿಂದ ಬಂದ ಕೆಂಪು ರಕ್ತ ಹೃದಯಕ್ಕೆ ಹೋಗದೆ ಕೆಳಗಿನ ಕ್ಯಾನ್ಯುಲಾದೊಳಗೆ ನುಗ್ಗುತ್ತಿದೆ. ಇದಕ್ಕೆ ರೀಸರ್ಕ್ಯುಲೇಶನ್ ಎನ್ನುತ್ತಾರೆ.

ಪರದೆಯ ಮೇಲಿನ 4.5 ಲೀಟರ್ ಸುಳ್ಳಲ್ಲ, ಆದರೆ ಅದರಲ್ಲಿ ಒಂದು ಪಾಲು ಮಾತ್ರ ರೋಗಿಗೆ ಸಿಗುತ್ತಿದೆ. ಇಲ್ಲಿ ಪಂಪಿನ ವೇಗ ಹೆಚ್ಚಿಸುವುದು ಬಲು ಕೆಟ್ಟ ಕೆಲಸ. ಎಳೆತ ಹೆಚ್ಚಿದಷ್ಟು ಕೆಂಪು ರಕ್ತವೇ ಇನ್ನಷ್ಟು ಸೆಳೆಯಲ್ಪಡುತ್ತದೆ. ವೇಗ ಇಳಿಸಿ ನೋಡಿ. ಹರಿವು 4.0ಕ್ಕೆ ಬಂದಾಗ ರೋಗಿಯ ಸ್ಯಾಚುರೇಶನ್ 82ಕ್ಕೆ ಏರಿದರೆ ರೋಗನಿರ್ಣಯ ಖಚಿತ. ಚರ್ಮದ ಬಳಿಯ ಗುರುತು ನೋಡಿ, ಮೊದಲ ದಿನ ಬರೆದಿಟ್ಟದ್ದಕ್ಕೂ ಈಗ ಕಾಣುವುದಕ್ಕೂ ಹೋಲಿಸಿ. ತೊಡೆಯ ಕ್ಯಾನ್ಯುಲಾ 4 ಸೆಂ.ಮೀ. ಒಳಗೆ ಸರಿದಿದೆ, ಎಕ್ಸ್‌ರೇಯಲ್ಲಿ ತುದಿ ಹೃತ್ಕರ್ಣ ಹೊಕ್ಕಿದೆ. ಎಕೋ ನೋಡುತ್ತಾ, ಪಂಪಿನ ವೇಗ ತಗ್ಗಿಸಿ, ಹಿರಿಯರೊಬ್ಬರನ್ನು ಜೊತೆಗಿಟ್ಟುಕೊಂಡು ಹಿಂದಕ್ಕೆ ಎಳೆದು ಹೊಲಿಗೆ ಹಾಕಿ. ಒಳಗಿರುವ ಕ್ಯಾನ್ಯುಲಾವನ್ನು ಹಿಂದಕ್ಕೆ ಎಳೆಯಬಹುದು. ಹೊರಬಂದ ಭಾಗ ಶುದ್ಧವಾಗಿ ಉಳಿದಿರುವುದಿಲ್ಲವಾದ್ದರಿಂದ ಅದನ್ನು ಮತ್ತೆ ಒಳಗೆ ನೂಕುವಂತಿಲ್ಲ.

ಎರಡೂ ಕೆಂಪಾಗಿದ್ದು ರೋಗಿಯ ಸ್ಯಾಚುರೇಶನ್ 98 ಇದ್ದರೆ ಅದು ಬೇರೆ ಮಾತು. ರೋಗಿಯ ಸ್ವಂತ ಶ್ವಾಸಕೋಶ ಚೇತರಿಸಿಕೊಳ್ಳುತ್ತಿದೆ, ಅಥವಾ ದೇಹದ ಬಳಕೆ ತೀರ ಕಡಿಮೆಯಾಗಿದೆ. ಬಣ್ಣವನ್ನು ಯಾವಾಗಲೂ ರೋಗಿಯ ಅಂಕಿಯ ಪಕ್ಕ ಇಟ್ಟು ಓದಬೇಕು.

ಎರಡೂ ಕಪ್ಪು: ಓಡಬೇಕಾದ ಹೊತ್ತು

ಮರಳುವ ಕೊಳವೆ ಕಪ್ಪಾಗಿದ್ದರೆ ಆಕ್ಸಿಜನೇಟರ್‌ಗೆ ಆಮ್ಲಜನಕ ಹೋಗುತ್ತಿಲ್ಲ, ಇಲ್ಲವೇ ಹೋದದ್ದು ರಕ್ತಕ್ಕೆ ದಾಟುತ್ತಿಲ್ಲ. ಮೊದಲು ವೆಂಟಿಲೇಟರ್‌ನ ಆಮ್ಲಜನಕವನ್ನು ನೂರಕ್ಕೆ ಏರಿಸಿ. ಯಂತ್ರದ ನೆರವು ತಪ್ಪಿದ ಕ್ಷಣದಲ್ಲಿ ರೋಗಿಗೆ ಉಳಿದಿರುವುದು ತಮ್ಮದೇ ಶ್ವಾಸಕೋಶ. ಆಮೇಲೆ ಗೋಡೆಯ ಔಟ್‌ಲೆಟ್‌ನಿಂದ ಬ್ಲೆಂಡರ್‌ವರೆಗೆ, ಬ್ಲೆಂಡರ್‌ನಿಂದ ಆಕ್ಸಿಜನೇಟರ್‌ವರೆಗೆ ಅನಿಲದ ಕೊಳವೆಯನ್ನು ಕೈಯಿಂದ ತಡವಿ ನೋಡಿ. ಹಾಸಿಗೆ ಸರಿಸುವಾಗ ಕಳಚಿದ ಕೊಳವೆ, ಸ್ಕ್ಯಾನ್‌ಗೆ ಒಯ್ದಾಗ ಬರಿದಾದ ಸಿಲಿಂಡರ್, ತೆರೆಯಲು ಮರೆತ ಕೀಲಿ, ಕಾರಣ ಹೆಚ್ಚಾಗಿ ಇಂಥದ್ದೇ ಇರುತ್ತದೆ.

ಅನಿಲ ಸರಿಯಾಗಿ ಹೋಗುತ್ತಿದ್ದರೆ ಆಕ್ಸಿಜನೇಟರ್ ನಂತರದ ರಕ್ತ ತೆಗೆದು ಬ್ಲಡ್ ಗ್ಯಾಸ್ ಮಾಡಿ. ನೂರಕ್ಕೆ ನೂರು ಆಮ್ಲಜನಕ ಕೊಟ್ಟಾಗಲೂ PO2 200ಕ್ಕಿಂತ ಕಡಿಮೆ ಇದ್ದರೆ ಮೆಂಬ್ರೇನ್ ಸೋಲುತ್ತಿದೆ. ಟಾರ್ಚ್ ಹಿಡಿದು ನೋಡಿದರೆ ಕಪ್ಪು ಗರಣೆಗಳು ಕಾಣಬಹುದು. ಮೆಂಬ್ರೇನಿನ ಮುಂಚೆ ಮತ್ತು ನಂತರದ ಒತ್ತಡಗಳ ವ್ಯತ್ಯಾಸ ದಿನದಿನಕ್ಕೆ ಏರುತ್ತಿರುತ್ತದೆ, ಡಿ-ಡೈಮರ್ ಏರುತ್ತದೆ, ಪ್ಲೇಟ್‌ಲೆಟ್ ಇಳಿಯುತ್ತದೆ. ಹೆಪಾರಿನ್ ಇಲ್ಲದೆ ನಡೆಸಿದ ನಮ್ಮ ರೋಗಿಯಲ್ಲಿ ಇದನ್ನು ಮೊದಲೇ ನಿರೀಕ್ಷಿಸಿ, ಹೊಸ ಸರ್ಕಿಟ್ ತಯಾರಾಗಿ ಇಟ್ಟುಕೊಂಡಿರಬೇಕು. ಆಮ್ಲಜನಕ ಸರಿಯಿದ್ದು ಇಂಗಾಲದ ಡೈಆಕ್ಸೈಡ್ ಮಾತ್ರ ಏರುತ್ತಿದ್ದರೆ ನಾಳಗಳೊಳಗೆ ನೀರಿನ ಹನಿ ಕಟ್ಟಿರಬಹುದು. ಮಳೆಗಾಲದ ತಣ್ಣನೆಯ ಕೋಣೆಯಲ್ಲಿ ಇದು ಕಾಣಸಿಗುತ್ತದೆ. ಸ್ವೀಪ್ ಅನ್ನು ಕೆಲವು ಸೆಕೆಂಡು 10 ಲೀಟರ್‌ಗೆ ಏರಿಸಿದರೆ ಹನಿ ಹಾರಿಹೋಗುತ್ತದೆ. ಮರಳಿ ಹಳೆಯ ಅಂಕಿಗೆ ಇಳಿಸುವುದನ್ನು ಮರೆಯಬೇಡಿ.

ಕೊಳವೆಯಲ್ಲಿ ಗಾಳಿ ಕಂಡರೆ ಬಣ್ಣ ನೋಡುತ್ತಾ ನಿಲ್ಲುವ ಹೊತ್ತಲ್ಲ. ಮರಳುವ ಕೊಳವೆಗೆ ಕ್ಲ್ಯಾಂಪ್ ಹಾಕಿ, ಪಂಪ್ ನಿಲ್ಲಿಸಿ, ಸಹಾಯ ಕೂಗಿ. ಮಲೆನಾಡಿನ ಮಳೆಯಲ್ಲಿ ಕರೆಂಟ್ ಹೋಗುವುದು ಸಾಮಾನ್ಯ. ಜನರೇಟರ್ ಇದ್ದರೂ, ಕನ್ಸೋಲಿನ ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ, ಕೈಯಿಂದ ತಿರುಗಿಸುವ ಹ್ಯಾಂಡ್ ಕ್ರ್ಯಾಂಕ್ ಎಲ್ಲಿದೆ ಎಂಬುದು ರಾತ್ರಿ ಪಾಳಿಯ ಪ್ರತಿಯೊಬ್ಬರಿಗೂ ಗೊತ್ತಿರಬೇಕು. ಬರಿಯ ಪಂಪ್ ಹೆಡ್ ಇಟ್ಟು ತಿರುಗಿಸಿ ಅಭ್ಯಾಸ ಮಾಡಿಸಿ. ನಿಮಿಷಗಟ್ಟಲೆ ತಿರುಗಿಸಿದರೆ ತೋಳು ಸೋಲುತ್ತದೆ, ಒಬ್ಬರಿಂದಾಗುವ ಕೆಲಸವಲ್ಲ ಎಂಬುದು ಆಗಲೇ ತಿಳಿಯುವುದು.

ಯಂತ್ರದಿಂದ ಬಿಡಿಸುವುದು

ಒಂಬತ್ತನೆಯ ದಿನ ಎಕ್ಸ್‌ರೇ ತಿಳಿಯಾಗುತ್ತಿದೆ, ಟ್ಯೂಬಿನಲ್ಲಿ ರಕ್ತವಿಲ್ಲ, ಅದೇ 22ರ ಒತ್ತಡಕ್ಕೆ ಉಸಿರಿನ ಗಾತ್ರ 100ರಿಂದ 330 ಮಿ.ಲೀ.ಗೆ ಏರಿದೆ. ಈಗ ಪರೀಕ್ಷಿಸಬಹುದು. ವೆಂಟಿಲೇಟರನ್ನು FiO2 0.5, ಪೀಪ್ 10, ತೂಕಕ್ಕೆ ತಕ್ಕ ಸಣ್ಣ ಉಸಿರಿಗೆ ಹೊಂದಿಸಿ. ರಕ್ತದ ಹರಿವನ್ನು ಹಾಗೆಯೇ ಬಿಟ್ಟು ಸ್ವೀಪ್ ಅನ್ನು ಮಾತ್ರ ಹಂತಹಂತವಾಗಿ 4, 3, 2, 1 ಲೀಟರ್‌ಗೆ ಇಳಿಸಿ, ಪ್ರತಿ ಹಂತದಲ್ಲೂ ಬ್ಲಡ್ ಗ್ಯಾಸ್ ನೋಡಿ, ಕೊನೆಗೆ ಪೂರ್ತಿ ನಿಲ್ಲಿಸಿ. ಅನಿಲವಿಲ್ಲದ ಆಕ್ಸಿಜನೇಟರ್ ಮೂಲಕ ರಕ್ತ ಬಂದ ಹಾಗೆಯೇ ಮರಳುತ್ತದೆ, ಆದ್ದರಿಂದ ರೋಗಿ ಈಗ ಎಕ್ಮೋ ಇಲ್ಲದವರ ಹಾಗೆಯೇ. ಎರಡೂ ಕೊಳವೆ ಕಪ್ಪಾಗುವುದು ಇಲ್ಲಿ ಮಾತ್ರ ನಿರೀಕ್ಷಿತ. ಇದನ್ನು ವೀನೋ-ಆರ್ಟೀರಿಯಲ್ ಎಕ್ಮೋದಲ್ಲಿ ಎಂದಿಗೂ ಮಾಡಬಾರದು. ಅಲ್ಲಿ ಕಪ್ಪು ರಕ್ತ ನೇರವಾಗಿ ಧಮನಿಗೆ ಹೋಗುತ್ತದೆ.

ಸ್ವೀಪ್ ನಿಲ್ಲಿಸಿದ ಮೇಲೆ ಕೆಲವು ಗಂಟೆ ಕಾಯಿರಿ. PaO2 70ಕ್ಕಿಂತ ಮೇಲೆ, ಪಿಎಚ್ ಸಹಜ, ಪ್ಲಾಟೊ 28ರೊಳಗೆ, ಉಸಿರಾಟದ ಒದ್ದಾಟ ಇಲ್ಲ ಎಂದಾದರೆ ಬಿಡಿಸಬಹುದು. ಅಂಕಿಗಳು ಚೆನ್ನಾಗಿದ್ದೂ ರೋಗಿ ಕುತ್ತಿಗೆಯ ಸ್ನಾಯು ಬಿಗಿದು ನಿಮಿಷಕ್ಕೆ 38 ಸಲ ಉಸಿರೆಳೆಯುತ್ತಿದ್ದರೆ ನಾನು ಒಂದು ದಿನ ಕಾಯುತ್ತೇನೆ. ಆ ಉಸಿರೇ ಮಾಯುತ್ತಿರುವ ಶ್ವಾಸಕೋಶವನ್ನು ಮತ್ತೆ ಹರಿಯಬಲ್ಲದು.

ಕ್ಯಾನ್ಯುಲಾ ತೆಗೆಯುವಾಗ ಹೆಪಾರಿನ್ ನಡೆಯುತ್ತಿದ್ದರೆ ಮೊದಲೇ ನಿಲ್ಲಿಸಿ. ಚರ್ಮದ ಹೊಲಿಗೆಯನ್ನು ಮುಂಚಿತವಾಗಿ ಹಾಕಿಟ್ಟು, ಎಳೆದ ಕೂಡಲೇ ಬಿಗಿದು ಒತ್ತಿಹಿಡಿಯಿರಿ. ಕುತ್ತಿಗೆಯದನ್ನು ತೆಗೆಯುವಾಗ ತಲೆ ತಗ್ಗಿಸಿ ಮಲಗಿಸಿ, ರೋಗಿ ಉಸಿರು ಒಳಗೆಳೆಯುವ ಕ್ಷಣದಲ್ಲಿ ಎಳೆಯಬೇಡಿ. ಆ ತೂತಿನಿಂದ ಗಾಳಿ ಸೀದಾ ಹೃದಯಕ್ಕೆ ಹೋಗಬಲ್ಲದು. ಮರುದಿನ ಕುತ್ತಿಗೆ ಮತ್ತು ತೊಡೆಯ ಅಭಿಧಮನಿಗಳ ಡಾಪ್ಲರ್ ಮಾಡಿಸಿ. ಕ್ಯಾನ್ಯುಲಾ ಇದ್ದ ಜಾಗದಲ್ಲಿ ಹೆಪ್ಪುಗಟ್ಟಿರುವುದು ಆಗಾಗ ಸಿಗುತ್ತದೆ. ಸಿಕ್ಕರೆ, ಶ್ವಾಸಕೋಶದ ರಕ್ತಸ್ರಾವ ನಿಂತು ಎಷ್ಟು ದಿನವಾಯಿತು, ಪ್ಲೇಟ್‌ಲೆಟ್ ಎಷ್ಟಿದೆ ಎಂದು ನೋಡಿಕೊಂಡು ಹೆಪಾರಿನ್ ಯಾವಾಗ ಆರಂಭಿಸಬೇಕೆಂದು ಅಂದೇ ತೀರ್ಮಾನಿಸಿ.